ಟ್ಯಾಪ್ ಮೊದಲೋ, ಮಾತು ಮೊದಲೋ?

ಕಳೆದ ವಾರ ನಮ್ಮ ಆಫೀಸಿನಲ್ಲಿ ಕರೆಂಟ್ ಬಿಲ್ ಕಟ್ಟೋ ಆಪ್‌ಗೆ ಡೆಮೊ ವಿಡಿಯೋ ಮಾಡಿದರು. ಸ್ಕ್ರಿಪ್ಟು ಇಂಗ್ಲಿಷಿನದು: ಎಡಗಡೆ ಮಾತು, ಬಲಗಡೆ ಸ್ಕ್ರೀನಿನ ಮಾಕಪ್, ಪಕ್ಕದಲ್ಲಿ ಟ್ಯಾಪಿನ ವೃತ್ತ ಯಾವ ಸೆಕೆಂಡಿಗೆ ಮಿನುಗಬೇಕೆಂಬ ಲೆಕ್ಕ. ಆಮೇಲೆ ಮ್ಯಾನೇಜರ್ ಉವಾಚ: "ಕನ್ನಡದಲ್ಲೂ ಡಬ್ ಮಾಡಿಬಿಡಿ, ದೃಶ್ಯ ಹಾಗೇ ಇರಲಿ." ನನ್ನ ತಕರಾರು ಇಲ್ಲೇ.

ಇಂಗ್ಲಿಷಿನಲ್ಲಿ 'ಟ್ಯಾಪ್' ವಾಕ್ಯದ ಮೊದಲ ಪದ. ಹಾಗಾಗಿ ಅರ್ಧ ಸೆಕೆಂಡಿಗೇ ವೃತ್ತ ಮಿನುಗಿತು, ಎರಡನೇ ಸೆಕೆಂಡಿಗೆ ಸ್ಕ್ರೀನ್ ಬದಲಾಯಿತು. ಕನ್ನಡದಲ್ಲೋ, ಕ್ರಿಯಾಪದ ಕೊನೆಗೆ ಸ್ವಾಮಿ! 'ಒತ್ತಿ' ಅನ್ನುವಷ್ಟರಲ್ಲಿ ಮೂರನೇ ಸೆಕೆಂಡು. ಒತ್ತಬೇಕಾದ ಬಟನ್ನೇ ಮಾಯ. ನೋಡುವವರು ಹೊಸ ಸ್ಕ್ರೀನಿನಲ್ಲಿ ಅದನ್ನು ಹುಡುಕ್ತಾ ಕೂರಬೇಕು.

"ವಿಡಿಯೋ ನಿಧಾನ ಮಾಡಿದರಾಯ್ತಲ್ಲ" ಅಂದರು. ಆಗಲ್ಲ. ತಪ್ಪಿರೋದು ವೇಗವಲ್ಲ, ಕ್ರಮ. ಒಂದೇ ಗುರುತನ್ನು ಎರಡು ಮಾಡಬೇಕು: ಬಟನ್ ಹೆಸರು ಹೇಳುವಾಗ ಅದರ ಸುತ್ತ ವೃತ್ತ, 'ಒತ್ತಿ' ಅಂದಾಗ ಟ್ಯಾಪ್, ಅರ್ಧ ಸೆಕೆಂಡ್ ಬಿಟ್ಟು ಮುಂದಿನ ಸ್ಕ್ರೀನ್. ಗುರುತನ್ನು ಸೆಕೆಂಡಿಗಲ್ಲ, ಪದಕ್ಕೇ ಕಟ್ಟಿ:

```
ಕೆಳಗಿರುವ [ವೃತ್ತ] ಬಿಲ್ ಪಾವತಿಸಿ ಬಟನ್ [ಟ್ಯಾಪ್] ಒತ್ತಿ.
[0.5 ಸೆ. ಬಿಡುವು] [ಸ್ಕ್ರೀನ್ 2]
```

ಹೀಗೆ ಬರೆದರೆ ಓದುವವರ ವೇಗ ಬದಲಾದರೂ ಗುರುತು ತಪ್ಪಲ್ಲ. ಇನ್ನೊಂದು, ಆಪ್‌ನಲ್ಲಿ Pay Bill ಅಂತಲೇ ಇದ್ದರೆ ದನಿಯೂ 'ಪೇ ಬಿಲ್' ಅನ್ನಲಿ. ಪರದೆ ಮೇಲಿಲ್ಲದ ಶುದ್ಧ ಕನ್ನಡದಿಂದ ಯಾರಿಗೂ ಉಪಯೋಗವಿಲ್ಲ.

ಪರೀಕ್ಷೆ ಸುಲಭ. 'ಒತ್ತಿ' ಕೇಳಿದ ಕ್ಷಣ ವಿಡಿಯೋ ನಿಲ್ಲಿಸಿ. ಬಟನ್ ಕಾಣದಿದ್ದರೆ ಅದು ಕನ್ನಡ ಡೆಮೊ ಅಲ್ಲ, ಕನ್ನಡ ದನಿ ಅಂಟಿಸಿದ ಇಂಗ್ಲಿಷ್ ಡೆಮೊ.

ಎಡಿಟಿಂಗಿಗೆ ಇನ್ನೊಂದು ದಿನ ಹಿಡಿಯುತ್ತಂತೆ. ಹಿಡೀಲಿ ಬಿಡಿ... ನೀವೇನಂತೀರಿ?