ಮಡಿಕೆಯ ನೆರಳೂ ಮಳೆಯ ನೆರಳೂ

ಕಳೆದ ಅಕ್ಟೋಬರ್ ಮಾಸದಲ್ಲಿ ಒಂದು ದಿನ, ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ಅಲ್ಲಿಯ ಬೆಳಗಿನ ಪತ್ರಿಕೆಯಲ್ಲಿ ಅಚ್ಚಾಗಿದ್ದ ಹವಾಮಾನದ ನಕ್ಷೆಯನ್ನು ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದು ನನಗೆ ಕಳುಹಿಸಿದನು. ಜೊತೆಗೆ ಒಂದೆರಡು ಮಾತು: "ಮೇಷ್ಟ್ರೇ, ಊರಿನಿಂದ ಅಮ್ಮ ಬಂದಿದ್ದಾರೆ. ಮಧ್ಯಾಹ್ನ ಮೂರಕ್ಕೆ ಹೊರಟು ಬೋಲ್ಟನ್ ಆಬಿಯ ಹಾಳು ಮಠವನ್ನು ತೋರಿಸಿ, ಹೊಳೆಯ ದಡದಲ್ಲಿ ಸ್ವಲ್ಪ ನಡೆಸೋಣವೆಂದಿದ್ದೇನೆ. ತರಗತಿಯಲ್ಲಿ ನಮಗೆ ಓದಿಸುತ್ತಿದ್ದಿರಲ್ಲ, ಹಾಗೆಯೇ ಇದನ್ನು ಓದಿ ಹೇಳಿ." ಹವಾಮಾನವನ್ನು ತಿಳಿಯಲು ಆತನಿಗೆ ಬೇರೆ ಸಾಧನಗಳಿರಲಿಲ್ಲವೆಂದಲ್ಲ, ಅದು ಹಳೆಯ ವಿಶ್ವಾಸದಿಂದ ಕೇಳಿದ ಪ್ರಶ್ನೆ. ನಾನೂ ಹಳೆಯ ಗರ್ವದಿಂದಲೇ ಉತ್ತರವಿತ್ತೆನು. ಚಿತ್ರದಲ್ಲಿ ಇಂಗ್ಲೆಂಡಿನ ಪೂರ್ವತೀರದ ಮೇಲೆ ಉದ್ದವಾದ ಕಪ್ಪು ಪಟ್ಟಿಯೊಂದು ಕಂಡಿತು. ಪಶ್ಚಿಮದ ಭಾಗವೆಲ್ಲ ಬೆಳ್ಳಗಿತ್ತು. ಆ ದೇಶದಲ್ಲಿ ಮಳೆ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆಂಬುದು ನನಗೆ ಗೊತ್ತಿದ್ದ ವಿಷಯ. "ಮಳೆ ದಾಟಿ ಸಮುದ್ರಕ್ಕೆ ಹೋಗಿದೆ, ಧೈರ್ಯವಾಗಿ ಹೋಗಿಬನ್ನಿ" ಎಂದು ಬರೆದೆನು.

ಅವರು ಹೋದರು, ನನ್ನ ಮಾತನ್ನು ನಂಬಿ ಛತ್ರಿಯನ್ನೂ ಒಯ್ಯಲಿಲ್ಲ. ನಾಲ್ಕು ಗಂಟೆಗೆ ಅಲ್ಲಿ ಇಳಿಯುವಷ್ಟರಲ್ಲಿ ಮಳೆ ಹಿಡಿಯಿತು, ಬಿಡಲಿಲ್ಲ. ಎಪ್ಪತ್ತು ದಾಟಿದ ಆ ತಾಯಿಯವರು ಒದ್ದೆ ಹುಲ್ಲಿನ ಮೇಲೆ ಜಾರಿ ಬಿದ್ದು ಮಣಿಕಟ್ಟನ್ನು ಉಳುಕಿಸಿಕೊಂಡರು. ಶಿಷ್ಯನು ನನ್ನನ್ನು ದೂರಲಿಲ್ಲ. "ಮೇಷ್ಟ್ರೇ, ಇಲ್ಲಿ ಮಳೆ" ಎಂದಷ್ಟೇ ಬರೆದನು. ಅಂದು ರಾತ್ರಿ ನಾನು ಆ ಚಿತ್ರವನ್ನು ಮತ್ತೆ ತೆರೆದು ನೋಡಿದೆನು.

ನೋಡಿದರೆ, ನಾನು ಮಳೆಯೆಂದು ಭ್ರಮಿಸಿದ ಪಟ್ಟಿಯು ಪತ್ರಿಕೆಯ ಮಡಿಕೆಯ ನೆರಳು! ಅದು ನಕ್ಷೆಯ ಚೌಕಟ್ಟಿನೊಳಗೆ ನಿಲ್ಲದೆ ಕೆಳಗಿನ ಅಕ್ಷರಗಳ ಮೇಲೂ ನೆಟ್ಟಗೆ ಹಾಯ್ದಿತ್ತು. ನಿಜವಾದ ಮಳೆಯ ಛಾಯೆಯಾದರೋ ಪಶ್ಚಿಮದಲ್ಲಿ, ಐರಿಷ್ ಸಮುದ್ರದ ಮೇಲಿತ್ತು. ಹಳದಿ ದೀಪದ ಹೊಳಪು ಅಲ್ಲಿ ಬಿದ್ದು ಅದನ್ನು ಅಳಿಸಿಹಾಕಿತ್ತು. ಪತ್ರಿಕೆಯವರು ಮೋಡಕ್ಕೆ ತೆಳುಬೂದು, ಮಳೆಗೆ ಗಾಢಬೂದು ಎಂದು ಎರಡು ಛಾಯೆಗಳನ್ನು ಇಟ್ಟಿದ್ದರು. ಛಾಯಾಚಿತ್ರದಲ್ಲಿ ಮೊದಲು ಕೆಡುವುದು ಇಂಥ ಬೂದು ಬಣ್ಣವೇ. ರೇಖೆಯೂ ಅಂಕಿಯೂ ಅಷ್ಟು ಸುಲಭವಾಗಿ ಕೆಡವು. ಆದುದರಿಂದ ಛಾಯಾಚಿತ್ರದಲ್ಲಿ ಬಂದ ನಕ್ಷೆಯನ್ನು ಓದುವಾಗ ಛಾಯೆಯನ್ನು ಕಡೆಗೆ ನೋಡತಕ್ಕದ್ದು; ರೇಖೆಗಳು ಏನು ಹೇಳುತ್ತವೆಂಬುದನ್ನು ಮೊದಲು ಕೇಳಿ, ಅದಕ್ಕೆ ಛಾಯೆ ಒಪ್ಪುವುದೇ ಎಂದು ಪರೀಕ್ಷಿಸತಕ್ಕದ್ದು. ನಾನು ಮಾಡಿದ್ದು ಇದಕ್ಕೆ ತಲೆಕೆಳಗು.

ಎಲ್ಲಕ್ಕಿಂತ ಮುಂಚೆ ನೋಡಬೇಕಾದುದು ಗಂಟೆ. ಪತ್ರಿಕೆಯೊಂದರಲ್ಲಿ ದಿನದಿನವೂ ಹವಾಮಾನದ ನಕ್ಷೆಯನ್ನು ಅಚ್ಚುಮಾಡುವ ಪದ್ಧತಿಯನ್ನು ಲಂಡನ್ನಿನ 'ಟೈಮ್ಸ್' ಪತ್ರಿಕೆಯು ಕ್ರಿ.ಶ. 1875ನೆಯ ಏಪ್ರಿಲ್ 1ರಂದು ಆರಂಭಿಸಿತು. ಸಿದ್ಧಪಡಿಸಿದವನು ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸ. ಅದು ಹಿಂದಿನ ದಿನದ ಸ್ಥಿತಿಯ ಚಿತ್ರ. ಈಗಿನ ಪತ್ರಿಕೆಗಳಲ್ಲಿ ಬರುವುದು ಬಹುಮಟ್ಟಿಗೆ ಮುಂದಾಗುವುದರ ಚಿತ್ರ. ಶಿಷ್ಯನು ಕಳುಹಿಸಿದ ನಕ್ಷೆಯ ಮೂಲೆಯಲ್ಲಿ 'ಇಂದು ಮಧ್ಯಾಹ್ನ' ಎಂದು ಚಿಕ್ಕದಾಗಿ ಅಚ್ಚಾಗಿದ್ದಿತು. ಅಂದರೆ ಹನ್ನೆರಡು ಗಂಟೆಗೆ ಹೀಗಿರುವುದು, ಆಮೇಲಿನದನ್ನು ನೀವೇ ನಡೆಸಿಕೊಳ್ಳಿರಿ ಎಂದರ್ಥ.

ಇನ್ನು ರೇಖೆಗಳು. ವಾಯುಭಾರವು ಒಂದೇ ಸಮನಾಗಿರುವ ಸ್ಥಳಗಳನ್ನು ಸೇರಿಸಿ ಎಳೆದ ಗೆರೆಗೆ ಸಮಭಾರರೇಖೆಯೆಂದು ಹೆಸರು. ಇಂಗ್ಲೆಂಡಿನ ನಕ್ಷೆಗಳಲ್ಲಿ ಇವನ್ನು ಸಾಮಾನ್ಯವಾಗಿ 4 ಮಿಲಿಬಾರಿಗೊಂದರಂತೆ ಎಳೆಯುತ್ತಾರೆ. ನಮ್ಮ ನಕ್ಷೆಯಲ್ಲಿ ಐರ್ಲೆಂಡಿನ ವಾಯವ್ಯಕ್ಕೆ ಕಡಲಿನ ಮೇಲೆ 984 ಎಂಬ ಅಂಕಿಯುಳ್ಳ ಕಡಮೆ ಭಾರದ ಕೇಂದ್ರ. ಪೂರ್ವತೀರದ ಮೇಲೆ 1024ರ ರೇಖೆಯು ಹೊರಕ್ಕೆ ಉಬ್ಬಿ ನಿಂತ ಹೆಚ್ಚು ಭಾರದ ದಿಣ್ಣೆ. ಇಷ್ಟನ್ನು ಓದಿದ್ದರೂ ನಾನು ಪಾರಾಗುತ್ತಿದ್ದೆ. ಹೆಚ್ಚು ಭಾರದ ದಿಣ್ಣೆಯಲ್ಲಿ ಗಾಳಿ ಮೆಲ್ಲಗೆ ಕೆಳಕ್ಕಿಳಿಯುವುದು. ಇಳಿಯುವ ಗಾಳಿ ಬಿಸಿಯಾಗುವುದು. ಬಿಸಿಯಾದ ಗಾಳಿಯಲ್ಲಿ ಮೋಡ ಕರಗುವುದು. ದಿಣ್ಣೆಯ ನೆತ್ತಿಯ ಮೇಲೆ ಅಷ್ಟು ಉದ್ದದ ಮಳೆಪಟ್ಟಿ ಇರುವುದಕ್ಕೆ ಕಾರಣವೇ ಇರಲಿಲ್ಲ.

ಗಾಳಿಯ ದಿಕ್ಕನ್ನೂ ಈ ರೇಖೆಗಳೇ ಹೇಳುವುವು. ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನುಕೊಟ್ಟು ನಿಂತರೆ ಕಡಮೆ ಭಾರವು ಎಡಗಡೆಗಿರುವುದು. ಹಾಲೆಂಡಿನ ಬಾಯ್ಸ್ ಬ್ಯಾಲಟ್ ಎಂಬವನು 1857ರಲ್ಲಿ ಪ್ರಕಟಿಸಿದ ನಿಯಮವಿದು. ಗಾಳಿಯು ರೇಖೆಗೆ ಅಡ್ಡವಾಗಿ ನುಗ್ಗದೆ ಹೆಚ್ಚುಕಡಮೆ ಅದರ ಜಾಡಿನಲ್ಲೇ ಹರಿಯುತ್ತದೆ. ನೆಲದ ಬಳಿ ಮಾತ್ರ ಸ್ವಲ್ಪ ಕಡಮೆ ಭಾರದ ಕಡೆಗೆ ಓರೆಯಾಗುತ್ತದೆ. ರೇಖೆಗಳು ಒತ್ತಾಗಿದ್ದಷ್ಟೂ ಗಾಳಿ ಜೋರು. ಆ ಅಕ್ಷಾಂಶದಲ್ಲಿ ಎರಡು ರೇಖೆಗಳ ನಡುವೆ 200 ಕಿಲೋಮೀಟರು ಇದ್ದರೆ, ನೆಲದ ತಡೆ ಮುಟ್ಟದ ಎತ್ತರದಲ್ಲಿ ಗಾಳಿಯ ವೇಗ ಗಂಟೆಗೆ ಸುಮಾರು 48 ಕಿಲೋಮೀಟರು. ನೆಲದ ಮೇಲೆ ಅದರ ಅರ್ಧದಷ್ಟು ಉಳಿದೀತು.

ಇಲ್ಲಿಯೂ ಛಾಯಾಚಿತ್ರವು ಒಂದು ಮೋಸ ಮಾಡುವುದು. ಮೇಜಿನ ಮೇಲಿನ ಪತ್ರಿಕೆಯನ್ನು ಕುಳಿತಲ್ಲಿಂದಲೇ ಓರೆಯಾಗಿ ಹಿಡಿದು ತೆಗೆದಾಗ, ದೂರದ ಮೇಲಂಚು ಕುಗ್ಗಿ, ಹತ್ತಿರದ ಕೆಳಗಂಚು ಹಿಗ್ಗುತ್ತದೆ. ಆಗ ಮೇಲಿರುವ ಸ್ಕಾಟ್ಲೆಂಡಿನಲ್ಲಿ ರೇಖೆಗಳು ಒತ್ತೊತ್ತಾಗಿ ಕಂಡು, ಇಲ್ಲದ ಬಿರುಗಾಳಿ ಇದ್ದಂತಾಗುವುದು. ನಕ್ಷೆಯ ಚೌಕಟ್ಟಿನ ಎರಡು ಪಕ್ಕಗಳು ಮೇಲಕ್ಕೆ ಹೋದಂತೆ ಕೂಡಿಬರುತ್ತಿದ್ದರೆ ಚಿತ್ರ ಓರೆಯೆಂದು ತಿಳಿಯಬೇಕು. ಇದಕ್ಕೆ ಉಪಾಯವೂ ಉಂಟು. ಅಳೆಯಬೇಕಾದ ಸ್ಥಳದ ಹತ್ತಿರದಲ್ಲೇ ಗೊತ್ತಿರುವ ದೂರವೊಂದನ್ನು ಅಳತೆಗೋಲಾಗಿ ಹಿಡಿಯಬೇಕು. ಡಬ್ಲಿನ್ನಿನಿಂದ ಲೀಡ್ಸಿಗೆ ನೇರವಾಗಿ ಸುಮಾರು 310 ಕಿಲೋಮೀಟರು; ನಾನು ಒಂದು ಕಾಗದದ ಚೂರಿನ ಅಂಚಿನಲ್ಲಿ ಅದನ್ನು ಗುರುತುಮಾಡಿಕೊಂಡೆನು.

ಈಗ ಆ ನಕ್ಷೆಯ ಮುಖ್ಯ ಪಾತ್ರಗಳಾದ ಫ್ರಂಟುಗಳಿಗೆ ಬರೋಣ. ನಾರ್ವೆ ದೇಶದ ಬೆರ್ಗೆನ್ ಪಟ್ಟಣದಲ್ಲಿ ಬ್ಯರ್ಕ್ನೆಸ್ ತಂದೆಮಕ್ಕಳೂ ಅವರ ಸಂಗಡಿಗರೂ ಮೊದಲನೆಯ ಮಹಾಯುದ್ಧವು ಮುಗಿಯುತ್ತಿದ್ದ ಕಾಲದಲ್ಲಿ ಬಿಸಿಗಾಳಿಗೂ ತಣ್ಣನೆಯ ಗಾಳಿಗೂ ನಡುವಿನ ಗಡಿಯನ್ನು ಗುರುತಿಸಿ, ಆಗಿನ ಯುದ್ಧದ ಮಾತನ್ನೇ ಅದಕ್ಕೆ ಇಟ್ಟರು. ಸಂಸ್ಕೃತದಲ್ಲಿ ಸೇನೆಯ ಮುಂಭಾಗಕ್ಕೆ 'ಸೇನಾಮುಖ'ವೆಂದು ಹೆಸರಿರುವುದರಿಂದ, ನಾನು ಇದನ್ನು 'ವಾಯುಮುಖ'ವೆಂದು ಕರೆಯುವೆನು. ವಾಚಕರು ಫ್ರಂಟೆಂದರೂ ನನ್ನ ಆಕ್ಷೇಪವಿಲ್ಲ. ಗೆರೆಯ ಮೇಲೆ ಅರ್ಧಚಂದ್ರಗಳಿದ್ದರೆ ಬಿಸಿಗಾಳಿಯ ಮುಖ, ತ್ರಿಕೋನಗಳಿದ್ದರೆ ತಣ್ಣನೆಯ ಗಾಳಿಯ ಮುಖ. ಆ ಗುರುತುಗಳು ಯಾವ ಮಗ್ಗುಲಿಗಿವೆಯೋ ಆ ಕಡೆಗೆ ಮುಖವು ಸಾಗುತ್ತಿರುತ್ತದೆ. ಅಚ್ಚು ಮಸುಕಾಗಿ ಗುರುತು ಕಾಣದಿದ್ದರೂ ಒಂದು ಲಕ್ಷಣ ಉಳಿದಿರುವುದು: ಸಮಭಾರರೇಖೆಯು ವಾಯುಮುಖವನ್ನು ದಾಟುವಲ್ಲಿ ಥಟ್ಟನೆ ಮುರಿದಂತೆ ಬಾಗುತ್ತದೆ, ಆ ಬಾಗಿನ ಮೊನೆಯು ಕಡಮೆ ಭಾರದ ಕೇಂದ್ರದಿಂದ ಹೊರಮುಖವಾಗಿರುತ್ತದೆ. ಕಾಗದದ ಮಡಿಕೆಯನ್ನು ದಾಟುವಾಗ ರೇಖೆಯು ಹೀಗೆ ಬಾಗುವುದಿಲ್ಲ. ಮಡಿಕೆಗೂ ಮುಖಕ್ಕೂ ಇರುವ ಭೇದ ಇಷ್ಟರಿಂದಲೇ ತಿಳಿಯುವುದು.

ನಮ್ಮ ನಕ್ಷೆಯಲ್ಲಿ ಬಿಸಿಗಾಳಿಯ ಮುಖವು ಮಧ್ಯಾಹ್ನಕ್ಕೆ ಡಬ್ಲಿನ್ನಿನ ಮೇಲಿತ್ತು. ತಣ್ಣನೆಯದು ಐರ್ಲೆಂಡಿನಿಂದಾಚೆ, ಲೀಡ್ಸಿಗೆ ಸುಮಾರು 800 ಕಿಲೋಮೀಟರು ದೂರದಲ್ಲಿ. ಮುಖದ ಉದ್ದಕ್ಕೆ ರೇಖೆಗಳ ಅಂತರವನ್ನು ಕಾಗದದ ಚೂರಿನಿಂದ ಅಳೆದರೆ ಎರಡು ಕಡೆಯೂ 200 ಕಿಲೋಮೀಟರು ಬಂದಿತು. ತಣ್ಣನೆಯ ಮುಖವು ಸುಮಾರಾಗಿ ಆ ಗಾಳಿಯ ವೇಗದಲ್ಲೇ, ಅಂದರೆ ಗಂಟೆಗೆ 48 ಕಿಲೋಮೀಟರು ಸಾಗುವುದು. ಬಿಸಿ ಮುಖವು ಅದರ ಮೂರರಲ್ಲಿ ಎರಡು ಪಾಲು, ಗಂಟೆಗೆ 32 ಕಿಲೋಮೀಟರು. ಹಗುರವಾದ ಬಿಸಿಗಾಳಿಯು ಮುಂದಿರುವ ಭಾರವಾದ ತಣ್ಣನೆಯ ಗಾಳಿಯನ್ನು ದೂಡಲಾರದೆ ಅದರ ಬೆನ್ನಿನ ಮೇಲೆ ಹತ್ತಿಹೋಗುವುದೇ ಈ ನಿಧಾನಕ್ಕೆ ಕಾರಣ. ಹೀಗೆ ಹತ್ತುವ ಗಾಳಿಯಲ್ಲಿಯೇ ಮೋಡ ಹುಟ್ಟುವುದರಿಂದ, ಮಳೆಯು ಮುಖಕ್ಕಿಂತ ಬಹಳ ಮುಂದಾಗಿ ನಡೆಯುತ್ತದೆ. ಆ ದಿನದ ಛಾಯೆಯನ್ನು ಚಿತ್ರದ ಬೆಳಕು ತಗ್ಗಿಸಿ ನೋಡಿದಾಗ ಅದು ಮುಖದ ಮುಂದಕ್ಕೆ 200 ಕಿಲೋಮೀಟರು ಚಾಚಿದ್ದುದು ಕಂಡಿತು. ಅಲ್ಲಿಗೆ ಮಳೆಯ ಅಂಚಿಗೂ ಲೀಡ್ಸಿಗೂ ಇದ್ದ ದೂರ 110 ಕಿಲೋಮೀಟರು. ಗಂಟೆಗೆ 32ರಂತೆ ಮೂರೂವರೆ ಗಂಟೆಯ ದಾರಿ. ಮಳೆ ಮೂರೂವರೆಗೆ ಆರಂಭವಾಗಿ, ರಾತ್ರಿ ಹತ್ತರ ಸುಮಾರಿಗೆ ಮುಖವು ದಾಟಿದ ಬಳಿಕ ಬರಿಯ ತುಂತುರಾಗಿ, ಮಾರನೆಯ ಬೆಳಗಿನ ಐದು ಗಂಟೆಯ ಹೊತ್ತಿಗೆ ತಣ್ಣನೆಯ ಮುಖವು ಬಂದು ಜೋರಾಗಿ ಸುರಿದು ಆಕಾಶ ತಿಳಿಯಾಗಬೇಕು. ಅವರು ಮನೆ ಬಿಟ್ಟದ್ದು ಮೂರಕ್ಕೆ!

ಮೋಡದ ಛಾಯೆ ಅಳಿಸಿಹೋಗಿದ್ದರೂ, ಶಿಷ್ಯನನ್ನು ಕಿಟಕಿಯಿಂದಾಚೆ ನೋಡೆಂದು ಕೇಳಬಹುದಾಗಿತ್ತು, ನಾನು ಕೇಳಲಿಲ್ಲ. ಬಿಸಿಗಾಳಿಯ ಮುಖವು ಬರುವ ಎಷ್ಟೋ ಗಂಟೆ ಮೊದಲೇ ಎತ್ತರದಲ್ಲಿ ತೆಳುಮೋಡ ಹರಡಿ, ಸೂರ್ಯನ ಸುತ್ತ ಪರಿವೇಷ ಕಟ್ಟುವುದುಂಟು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪರಿವೇಷಕ್ಕೆಂದೇ ಒಂದು ಅಧ್ಯಾಯವಿದೆ; ಅದನ್ನು ಓದಿಯೂ ನನಗೆ ನೆನಪು ಬರಲಿಲ್ಲವೆಂಬುದು ನನ್ನ ಪಾಂಡಿತ್ಯದ ಮಾತಾಯಿತು. ಆಮೇಲೆ ವಿಚಾರಿಸಿದರೆ, ಬೆಳಿಗ್ಗೆ ಸೂರ್ಯನಿಗೆ ಬಳೆ ಕಟ್ಟಿತ್ತಂತೆ. ಹನ್ನೆರಡಕ್ಕೆ ಆತನು ಮಸುಕುಗಾಜಿನ ಹಿಂದಿನ ದೀಪದಂತೆ ಕಾಣುತ್ತಿದ್ದನಂತೆ.

ಈ ಲೆಕ್ಕವನ್ನು ಹೀಗೆಯೇ ನಮ್ಮ ಕರ್ನಾಟಕಕ್ಕೆ ತಂದರೆ ನಡೆಯದು. ಉಷ್ಣವಲಯದಲ್ಲಿ ಪಕ್ಕಪಕ್ಕದ ಗಾಳಿಗಳಿಗೆ ಶಾಖದಲ್ಲಿ ಅಷ್ಟು ಭೇದವಿಲ್ಲದ ಕಾರಣ, ನಮ್ಮ ಮುಂಗಾರಿನ ನಕ್ಷೆಯಲ್ಲಿ ಅರ್ಧಚಂದ್ರ, ತ್ರಿಕೋನಗಳ ಗೆರೆಗಳನ್ನು ಹುಡುಕಬಾರದು. ರೇಖೆಗಳೂ ವಿರಳ, ಭಾರತದ ಹವಾಮಾನ ಇಲಾಖೆಯವರು ಅವನ್ನು 2 ಮಿಲಿಬಾರಿಗೊಂದರಂತೆ ಎಳೆಯುವುದು ಇದರಿಂದಲೇ. ಕರಾವಳಿಯ ಮಗ್ಗುಲಲ್ಲಿ ಕಡಮೆ ಭಾರದ ತಗ್ಗೊಂದು ನೀಳವಾಗಿ ಬಿದ್ದಿದೆಯೇ ಎಂಬುದೇ ಇಲ್ಲಿ ನೋಡತಕ್ಕ ಅಂಶ. ಅದರ ವಿವರ ಇನ್ನೊಂದು ತಿಂಗಳಿಗಿರಲಿ.

ಇಂಗ್ಲೆಂಡಿನಲ್ಲಾದರೂ ಈ ಗಣಿತವು ಘಟಿಕಾಯಂತ್ರವಲ್ಲ. ಕೇಂದ್ರದ ಭಾರವು ಮತ್ತೂ ಇಳಿದರೆ ಗಾಳಿ ಬಲಗೊಂಡು ಮುಖವು ಬೇಗ ಬರುವುದು. ಹಿಂದಿನ ತಣ್ಣನೆಯ ಮುಖವು ಮುಂದಿನದನ್ನು ಹಿಡಿದರೆ ಎರಡೂ ಬೆಸೆದು ಬೇರೊಂದು ರೂಪವಾಗುವುದು. ಎಂಟು ದಿನಗಳ ಬಳಿಕ ಶಿಷ್ಯನು ಇನ್ನೊಂದು ಚಿತ್ರವನ್ನು ಕಳುಹಿಸಿದನು. ಈ ಸಲ ಪತ್ರಿಕೆಯನ್ನು ಗೋಡೆಗೆ ಅಂಟಿಸಿ, ಹಗಲ ಬೆಳಕಿನಲ್ಲಿ ನೇರವಾಗಿ ನಿಂತು, ಚೌಕಟ್ಟೂ ಗಂಟೆಯೂ ಛಾಯೆಗಳ ವಿವರಣೆಯೂ ಕಾಣುವಂತೆ ತೆಗೆದಿದ್ದನು. ಅಳೆದು ಗುಣಿಸಿ, ಮಳೆ ನಾಲ್ಕು ಗಂಟೆಗೆಂದು ಬರೆದೆನು. ಅದು ಎರಡೂವರೆಗೇ ಬಂದಿತು. ಆದರೆ ಅಷ್ಟರಲ್ಲಿ ಛತ್ರಿಯು ತಾಯಿಯವರ ಎಡಗೈಯಲ್ಲಿತ್ತಂತೆ. ಬಲಗೈಗೆ ಇನ್ನೂ ಪಟ್ಟಿ ಕಟ್ಟಿದ್ದರು.