ಕಾರ್ಮಿಕನಿಗೊಂದು ಲೆಕ್ಕ, ಎಂ.ಡಿ.ಗೊಂದು ಲೆಕ್ಕ

ಒಂದೇ ಕಂಪನಿ, ಒಂದೇ ವರ್ಷದ ಲಾಭ. ಅದರಲ್ಲಿ ಕಾರ್ಮಿಕರಿಗೆ ಎಷ್ಟು ಬೋನಸ್ ಎಂದು ಲೆಕ್ಕಕ್ಕೆ ಕೂತಾಗ ನಮ್ಮ ಕಾನೂನು, ಮೊದಲು ಷೇರುದಾರರ ಪಾಲು ಎತ್ತಿಡಿ ಎಂದಿತು. ಆಡಳಿತ ನಿರ್ದೇಶಕರಿಗೆ ಎಷ್ಟು ಸಂಭಾವನೆ ಎಂಬ ಲೆಕ್ಕ ಬಂದಾಗ ಆ ಷೇರುದಾರರ ನೆನಪೇ ಅದಕ್ಕೆ ಆಗಲಿಲ್ಲ. ಎಂ.ಡಿ.ಗಳ ಸಂಬಳ ಜಾಸ್ತಿಯಾಯಿತೋ ಕಡಿಮೆಯಾಯಿತೋ ಎಂದು ಪ್ರತಿ ವರ್ಷ ಜಗಳವಾಡುವ ನಾವು, ಆ ಸಂಬಳಕ್ಕೆ ಆಧಾರವಾದ ‘ಲಾಭ’ ಎಂಬ ಅಂಕಿಯನ್ನೇ ಪ್ರಶ್ನಿಸುವುದಿಲ್ಲ. ನನ್ನ ತಕರಾರು ಅಲ್ಲಿಂದಲೇ ಶುರು.

1965ರ ಬೋನಸ್ ಪಾವತಿ ಕಾಯ್ದೆ ಈಗ ವೇತನ ಸಂಹಿತೆಯಲ್ಲಿ ಕರಗಿಹೋಗಿದೆ. ಆದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾರ್ಖಾನೆಗಳ ಬೋನಸ್ ಲೆಕ್ಕ ನಡೆದದ್ದು ಅದರ ಮೂರನೆಯ ಅನುಸೂಚಿಯ ಪ್ರಕಾರ. ಷೇರುದಾರರು ಹಾಕಿದ ಬಂಡವಾಳಕ್ಕೆ ಶೇ 8.5, ಕಂಪನಿ ಕೂಡಿಟ್ಟ ಮೀಸಲು ನಿಧಿಗೆ ಶೇ 6 — ಇಷ್ಟನ್ನು ಲಾಭದಿಂದ ಕಳೆದ ಮೇಲೆ ಉಳಿದರೆ ಮಾತ್ರ ಹೆಚ್ಚುವರಿ ಬೋನಸ್ಸಿನ ಮಾತು. ಶೇ 8.33ರ ಕನಿಷ್ಠ ಬೋನಸ್ ಹೇಗೂ ಸಿಗುತ್ತಿತ್ತು. ಅದರ ಮೇಲಿನದ್ದಕ್ಕೆ ಈ ಜರಡಿ. ಇದರ ಬೇರು ಇನ್ನೂ ಹಿಂದಿನದು. 1950ರಲ್ಲಿ ಮುಂಬೈ ಬಟ್ಟೆ ಗಿರಣಿಗಳ ವಿವಾದದಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿ, ಪಾವತಿಯಾದ ಬಂಡವಾಳಕ್ಕೆ ಶೇ 6 ಪ್ರತಿಫಲ ತೆಗೆದಿಡಬೇಕು ಎಂದು ಸೂತ್ರ ಹಾಕಿಕೊಟ್ಟಿತ್ತು. ಮಾಲೀಕರ ಹಣವೂ ಬಿಟ್ಟಿ ಬಂದದ್ದಲ್ಲ, ಅದಕ್ಕೂ ಬಾಡಿಗೆ ಇದೆ ಎಂಬುದು ಅದರ ತರ್ಕ.

ಇದೇ ತರ್ಕವನ್ನು 1990ರ ದಶಕದಲ್ಲಿ ನ್ಯೂಯಾರ್ಕಿನ ಸ್ಟರ್ನ್ ಸ್ಟೀವರ್ಟ್ ಎಂಬ ಸಲಹಾ ಸಂಸ್ಥೆ ಇವಿಎ, ಅಂದರೆ ಆರ್ಥಿಕ ಮೌಲ್ಯವರ್ಧನೆ ಎಂಬ ಹೆಸರಿನಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿ ಜಗತ್ತಿಗೆ ಮಾರಿತು. ಲೆಕ್ಕ ಸರಳ: ತೆರಿಗೆ ಕಳೆದ ವ್ಯವಹಾರದ ಲಾಭದಿಂದ, ಸಾಲದ ಹಣಕ್ಕೂ ಷೇರುದಾರರ ಹಣಕ್ಕೂ ತಗಲುವ ವೆಚ್ಚ ಎರಡನ್ನೂ ಕಳೆಯಿರಿ. ಉಳಿದರೆ ಕಂಪನಿ ಸಂಪತ್ತು ಹುಟ್ಟಿಸಿದೆ. ಕೊರೆಬಿದ್ದರೆ, ಲಾಭ ತೋರಿಸಿಯೂ ಸಂಪತ್ತು ಕರಗಿಸಿದೆ.

ಒಂದು ಕಾಲ್ಪನಿಕ ಕಂಪನಿಯನ್ನು ಇಟ್ಟುಕೊಂಡು ನೋಡೋಣ. ಅದರಲ್ಲಿ ತೊಡಗಿಸಿದ ಹಣ 1,000 ಕೋಟಿ ರೂಪಾಯಿ. 400 ಕೋಟಿ ಬ್ಯಾಂಕ್ ಸಾಲ, ಬಡ್ಡಿ ಶೇ 9. ಉಳಿದ 600 ಕೋಟಿ ಷೇರುದಾರರದ್ದು: 100 ಕೋಟಿ ಮೂಲ ಬಂಡವಾಳ, 500 ಕೋಟಿ ಮೀಸಲು. ವರ್ಷದ ವ್ಯವಹಾರದ ಲಾಭ 116 ಕೋಟಿ. ಬಡ್ಡಿ 36 ಕೋಟಿ ಹೋದರೆ 80. ಅದರಲ್ಲಿ ಶೇ 25ರಂತೆ 20 ಕೋಟಿ ತೆರಿಗೆ ಕಟ್ಟಿದರೆ ನಿವ್ವಳ ಲಾಭ 60 ಕೋಟಿ. ಮಹಾಸಭೆಯಲ್ಲಿ ಚಪ್ಪಾಳೆ ಬೀಳುವುದು ಈ ಅರವತ್ತಕ್ಕೆ.

ಈಗ ಷೇರುದಾರನ ಕಡೆಯಿಂದ ನೋಡಿ. ಇಷ್ಟೇ ಅಪಾಯವಿರುವ ಬೇರೆ ಕಡೆ ಹಾಕಿದ್ದರೆ ಅವನ ಹಣ ಶೇ 13 ದುಡಿಯುತ್ತಿತ್ತು ಎಂದಿಟ್ಟುಕೊಳ್ಳಿ. 600 ಕೋಟಿಗೆ 78 ಕೋಟಿ ಬರಬೇಕಿತ್ತು; ಬಂದದ್ದು 60. ಇವಿಎ ಮೈನಸ್ 18 ಕೋಟಿ. ಇದು ಕಾಗದದ ಮೇಲಿನ ಹುಸಿ ನಷ್ಟ ಎನ್ನುವವರು ಇನ್ನೊಂದು ಗುಣಾಕಾರ ಮಾಡಲಿ. ಈ ಕಂಪನಿ ವರ್ಷ ವರ್ಷವೂ ತನ್ನ 60 ಕೋಟಿಯನ್ನು ಪೂರ್ತಿ ಹಂಚುತ್ತಲೇ ಇದ್ದರೂ, ಶೇ 13 ಬಯಸುವವನು ಅದಕ್ಕೆ ಕೊಡುವ ಬೆಲೆ ಸುಮಾರು 461 ಕೋಟಿ. ಹಾಕಿದ 600 ಕೋಟಿ ಮಾರುಕಟ್ಟೆಯಲ್ಲಿ 461 ಆಯಿತು. ಒಂದು ವರ್ಷವೂ ನಷ್ಟ ತೋರಿಸದೆ 139 ಕೋಟಿ ಆವಿಯಾಯಿತು.

ಇನ್ನೂ ಕೆಟ್ಟದ್ದು ಮುಂದಿದೆ. ಎಂ.ಡಿ. ಸಾಹೇಬರು ಆ 60 ಕೋಟಿಯನ್ನು ಹಂಚದೆ ಉಳಿಸಿಕೊಂಡು ಹೊಸ ಘಟಕ ಕಟ್ಟುತ್ತಾರೆ. ಅದು ತೆರಿಗೆ ಕಳೆದು ಶೇ 8 ಗಳಿಸುತ್ತದೆ. ಲಾಭ 4.8 ಕೋಟಿ ಏರಿ 64.8 ಆಗುತ್ತದೆ, ‘ಲಾಭ ಶೇ 8 ಹೆಚ್ಚಳ’ ಎಂದು ಪತ್ರಿಕೆಯಲ್ಲಿ ಸುದ್ದಿ. ಆದರೆ ಆ 60 ಕೋಟಿಗೆ ಷೇರುದಾರನಿಗೆ ಸಲ್ಲಬೇಕಿದ್ದದ್ದು 7.8 ಕೋಟಿ. ಕೊರತೆ 18ರಿಂದ 21 ಕೋಟಿಗೆ ಏರಿತು. ಬೆಳೆದಷ್ಟೂ ಬಡವಾಗುವ ಕಂಪನಿ ಇದು. ಮೀಸಲು ಹಣಕ್ಕೆ ವೆಚ್ಚವೇ ಇಲ್ಲ ಎಂದು ಭಾವಿಸುವ ಲೆಕ್ಕಪತ್ರದಲ್ಲಿ, ಬಾಗಿಲು ಮುಚ್ಚಬೇಕಾದ ಯೋಜನೆಯೂ ಸಾಧನೆಯಾಗಿ ಕಾಣುತ್ತದೆ.

ಇದೇ ಕಂಪನಿಗೆ ಎರಡೂ ಕಾನೂನುಗಳನ್ನು ಹಚ್ಚಿ ನೋಡಿ. ಬೋನಸ್ ಕಾಯ್ದೆಯ ಪ್ರಕಾರ ಮೂಲ ಬಂಡವಾಳಕ್ಕೆ 8.5 ಕೋಟಿ, ಮೀಸಲಿಗೆ 30 ಕೋಟಿ — ಒಟ್ಟು 38.5 ಕೋಟಿ ಪಕ್ಕಕ್ಕಿಟ್ಟ ಮೇಲೆ ಕಾರ್ಮಿಕನ ಸರದಿ. 2013ರ ಕಂಪನಿ ಕಾಯ್ದೆಯ 197ನೇ ಸೆಕ್ಷನ್ ಸಾರ್ವಜನಿಕ ಕಂಪನಿಯ ಎಲ್ಲ ನಿರ್ದೇಶಕರಿಗೆ ಸೇರಿ ನಿವ್ವಳ ಲಾಭದ ಶೇ 11, ಒಬ್ಬನೇ ಎಂ.ಡಿ. ಇದ್ದರೆ ಅವರಿಗೆ ಶೇ 5 ಎಂದು ಮಿತಿ ಹಾಕಿದೆ. ವಿಶೇಷ ನಿರ್ಣಯ ಮಾಡಿದರೆ ಅದನ್ನೂ ದಾಟಬಹುದು. ಆ ‘ನಿವ್ವಳ ಲಾಭ’ ಏನೆಂದು 198ನೇ ಸೆಕ್ಷನ್ ಹೇಳುತ್ತದೆ: ಸಾಲದ ಬಡ್ಡಿ ಕಳೆಯಿರಿ, ಸವಕಳಿ ಕಳೆಯಿರಿ, ಆದಾಯ ತೆರಿಗೆ ಕಳೆಯಬೇಡಿ. ಷೇರುದಾರನ ಹಣದ ವೆಚ್ಚದ ಸೊಲ್ಲೇ ಇಲ್ಲ. ನಮ್ಮ ಕಂಪನಿಯ 80 ಕೋಟಿಯ ಮೇಲೆ ಎಂ.ಡಿ.ಗೆ ಹೆಚ್ಚುಕಡಿಮೆ 4 ಕೋಟಿಯ ದಾರಿ ತೆರೆದಿದೆ, ಅದೂ ಮಾಲೀಕರಿಗೆ 18 ಕೋಟಿ ಕೊರೆಬಿದ್ದ ವರ್ಷ.

ಆಕ್ಷೇಪಗಳಿವೆ, ಗೊತ್ತು. ಶೇ 13 ಎಂದವರು ಯಾರು, 11 ಯಾಕಾಗಬಾರದು? ಸಾಲದ ಬಡ್ಡಿಯಂತೆ ಷೇರು ಬಂಡವಾಳದ ದರ ಪತ್ರದಲ್ಲಿ ಬರೆದಿರುವುದಿಲ್ಲ, ಅಂದಾಜು ಮಾಡಬೇಕು ಎಂಬುದು ನಿಜ. ಆದರೆ ನಾವು ಕಟ್ಟುವ ಕರೆಂಟ್ ಬಿಲ್ಲಿನ ಹಿಂದೆ ಇಂಥ ದರ ಆಗಲೇ ಕೂತಿದೆ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2019–24ರ ಅವಧಿಗೆ ಉಷ್ಣ ಸ್ಥಾವರಗಳ ಷೇರು ಬಂಡವಾಳಕ್ಕೆ ಶೇ 15.5 ಪ್ರತಿಫಲವನ್ನು ವೆಚ್ಚವಾಗಿಯೇ ದರದೊಳಗೆ ಸೇರಿಸಿತ್ತು. ಗ್ರಾಹಕನಿಂದ ವಸೂಲಿಗೆ ಸಿಗುವ ಅಂದಾಜು ಎಂ.ಡಿ.ಯ ಸಂಬಳಕ್ಕೆ ಬಂದಾಗ ಯಾಕೆ ಸಿಗಬಾರದು?

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಹೊಸ ಕಾರ್ಖಾನೆ ಮೊದಲ ಕೆಲವು ವರ್ಷ ಕೊರತೆಯನ್ನೇ ತೋರಿಸುತ್ತದೆ. ಯಂತ್ರಗಳು ಸವೆದು ಪುಸ್ತಕದ ಬೆಲೆ ಇಳಿದ ಹಳೆಯ ಕಾರ್ಖಾನೆ ಬುದ್ಧಿವಂತನಂತೆ ಕಾಣುತ್ತದೆ. ವರ್ಷದ ಇವಿಎ ಒಂದಕ್ಕೇ ಸಂಬಳ ಕಟ್ಟಿದರೆ ಹೂಡಿಕೆಯನ್ನೇ ನಿಲ್ಲಿಸಿ ಬೋನಸ್ ಎಣಿಸುವವರು ಹುಟ್ಟುತ್ತಾರೆ. ದುಬಾರಿಗೆ ಕೊಂಡ ಕಂಪನಿಯ ಬೆಲೆಯನ್ನು ಒಮ್ಮೆಲೇ ಪುಸ್ತಕದಿಂದ ಅಳಿಸಿ, ಮುಂದಿನ ವರ್ಷದಿಂದ ಬಂಡವಾಳ ಕಡಿಮೆ ತೋರಿಸಿ ಮೀಸೆ ತಿರುವುವ ಉಪಾಯವೂ ಇದೆ. ಆದ್ದರಿಂದ ಮೂರೋ ಐದೋ ವರ್ಷಗಳ ಒಟ್ಟು ಲೆಕ್ಕ ಬೇಕು, ಅಳಿಸಿದ ಹಣವನ್ನು ಬಂಡವಾಳಕ್ಕೆ ಮರಳಿ ಸೇರಿಸಬೇಕು.

ನನ್ನ ಬೇಡಿಕೆ ಚಿಕ್ಕದು. 198ನೇ ಸೆಕ್ಷನ್ನಿಗೆ ಒಂದು ಸಾಲು ಸೇರಲಿ: ಸರ್ಕಾರಿ ಬಾಂಡ್‌ನ ದರದ ಮೇಲೆ ನಿಗದಿತ ಅಂತರ ಕೂಡಿಸಿ, ಆ ದರದಲ್ಲಿ ಷೇರುದಾರರ ಬಂಡವಾಳ ಮತ್ತು ಮೀಸಲಿನ ವೆಚ್ಚ ಕಳೆಯಬೇಕು. ಇವಿಎ ಲೆಕ್ಕ ನಮಗೆ ಹೊಸತೂ ಅಲ್ಲ. ಬೆಂಗಳೂರಿನ ಇನ್ಫೊಸಿಸ್ ಯಾರೂ ಕೇಳದೆಯೇ ಅದನ್ನು ವರ್ಷಗಳ ಕಾಲ ತನ್ನ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಿತ್ತು. ಕಾನೂನು ಬದಲಾಗುವತನಕ ಷೇರುದಾರರು ಕಾಯಬೇಕಾಗಿಯೂ ಇಲ್ಲ. ವರದಿ ಕೈಗೆ ಬಂದಾಗ ವರ್ಷಾರಂಭದ ಷೇರು ಬಂಡವಾಳ ಮತ್ತು ಮೀಸಲನ್ನು ಕೂಡಿಸಿ, ಅದರ ಶೇ 12 ಅಥವಾ 13 ತೆಗೆದು ನಿವ್ವಳ ಲಾಭದ ಪಕ್ಕ ಬರೆದುಕೊಳ್ಳಿ. ಲಾಭ ಸತತವಾಗಿ ಅದಕ್ಕಿಂತ ಕಡಿಮೆ ಇದ್ದು, ಷೇರಿನ ಬೆಲೆಯೂ ಪುಸ್ತಕದ ಬೆಲೆಯ ಕೆಳಗೇ ಬಿದ್ದಿದ್ದರೆ, ಎಂ.ಡಿ. ಸಂಭಾವನೆಯ ನಿರ್ಣಯ ಮತಕ್ಕೆ ಬಂದಾಗ ಏನು ಮಾಡಬೇಕೆಂದು ನಿಮಗೆ ಗೊತ್ತಾಗುತ್ತದೆ. ಗಿರಣಿ ಕಾರ್ಮಿಕನಿಗೆ 1950ರಲ್ಲೇ ಹಾಕಿದ ಜರಡಿಯನ್ನು ಎಂ.ಡಿ.ಗೂ ಹಾಕಿ ಎಂದಷ್ಟೇ ಕೇಳುತ್ತಿದ್ದೇನೆ.