ಅನುವಾದಕರನ್ನು ಬೈಯುವ ಮೊದಲು ಅವರಿಗೆ ಕಳಿಸಿದ ಮೇಲ್ ಓದಿ

ಯೋಜನಾ ವರದಿಯ ಕನ್ನಡ ಅರ್ಥವಾಗದಿದ್ದರೆ ನಾವು ಅನುವಾದ ಮಾಡಿದವರನ್ನು ಬೈಯುತ್ತೇವೆ. ಬಹಳ ಸಲ ತಪ್ಪು ಇರುವುದು ಕೆಲಸ ಕೊಟ್ಟವರಲ್ಲಿ. ‘ಫೈಲ್ ಕಳಿಸಿದ್ದೇವೆ, ಶುಕ್ರವಾರದೊಳಗೆ ಕನ್ನಡ ಮಾಡಿಕೊಡಿ’ ಎಂದು ಒಂದೇ ಸಾಲಿನ ಮೇಲ್ ಹಾಕಿದರೆ, ಅದನ್ನು ಓದುವವರು ಯಾರು ಎಂದು ಅನುವಾದಕರಿಗೆ ಹೇಗೆ ಗೊತ್ತಾಗಬೇಕು?

ಇದು ಬರೀ ಭಾಷೆಯ ಪ್ರಶ್ನೆಯಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ಸಾರ್ವಜನಿಕ ಅಹವಾಲು ಸಭೆಗೆ ಮುಂಚೆ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಆದರೆ ನೂರಾರು ಪುಟದ ಪೂರ್ತಿ ವರದಿ ಕನ್ನಡದಲ್ಲಿ ಇರಲೇಬೇಕೆಂದು ನಿಯಮ ಹೇಳುವುದಿಲ್ಲ. ಆ ನಿಯಮವನ್ನೇ ಬದಲಿಸಲು ಹೊರಟ 2020ರ ಕರಡು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಬಂದಾಗ, ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಆ ವರ್ಷದ ಜೂನ್ 30ರಂದು ಹೇಳಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್, ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತು. ಜನರಿಗೆ ಓದಲು ಬರದ ಭಾಷೆಯಲ್ಲಿ ಅಭಿಪ್ರಾಯ ಕೇಳುವುದು ಕೇಳಿದಂತಲ್ಲ ಎಂಬ ಮಾತು ಕೋರ್ಟಿನವರೆಗೂ ಹೋಗಿತ್ತು.

ನಮ್ಮ ಜಿಲ್ಲೆಯ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೇ ನೋಡಿ. ಗೇರುಸೊಪ್ಪೆ ಜಲಾಶಯದ ನೀರನ್ನು ತಲಕಳಲೆಗೆ ಎತ್ತಿ, ಬೇಕಾದಾಗ ಕೆಳಗೆ ಬಿಟ್ಟು 2,000 ಮೆಗಾವಾಟ್ ವಿದ್ಯುತ್ ಮಾಡುವ ಯೋಜನೆ ಅದು. ಇಂಥ ಯೋಜನೆಯ ಇಂಗ್ಲಿಷ್ ವರದಿಯ ಎರಡು ಅಧ್ಯಾಯವನ್ನು ಸಾಗರ ಕಡೆಯ ರೈತ ಸಂಘವೊಂದು ಕನ್ನಡಕ್ಕೆ ತರಿಸಬೇಕು, ನಮ್ಮ ಭದ್ರಾವತಿ ನ್ಯೂ ಟೌನ್‌ನಲ್ಲಿ ಮನೆಯಿಂದಲೇ ಅನುವಾದ ಮಾಡುವ ಒಬ್ಬರು ಮೇಡಂಗೆ ಮೇಲ್ ಹಾಕಬೇಕು ಎಂದಿಟ್ಟುಕೊಳ್ಳೋಣ. ಮೇಲ್ ಹೀಗಿರಬೇಕು ಎಂಬುದು ನನ್ನ ವಾದ.

ಮೊದಲಿಗೆ, ಕೆಲಸ ಎಷ್ಟು ಎಂದು ಹೇಳಬೇಕು:

‘ಮೇಡಂ, ನಮಸ್ಕಾರ. ಭೂಮಿ ಮತ್ತು ಅರಣ್ಯದ ಅಧ್ಯಾಯ ಮಾತ್ರ ಬೇಕು. ಒಟ್ಟು 30 ಪುಟ, ಸುಮಾರು 9,000 ಇಂಗ್ಲಿಷ್ ಪದ. ಕೋಷ್ಟಕದ ತಲೆಬರಹ ಮತ್ತು ಅಡಿಟಿಪ್ಪಣಿ ಸೇರಿದೆ. ನಕ್ಷೆಯೊಳಗಿನ ಹೆಸರು ಬೇಡ. ದರ ಇಂಗ್ಲಿಷ್ ಪದದ ಲೆಕ್ಕದಲ್ಲಿ.’

ಕೊನೆಯ ಸಾಲು ಮುಖ್ಯ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯ ಎಲ್ಲ ಪದಕ್ಕೇ ಅಂಟುತ್ತವೆ. ಹಾಗಾಗಿ ಸಾವಿರ ಇಂಗ್ಲಿಷ್ ಪದ ಕನ್ನಡಕ್ಕೆ ಬಂದಾಗ ಪದಗಳ ಸಂಖ್ಯೆ ಇಳಿಯುತ್ತದೆ. ಕನ್ನಡ ಪದ ಎಣಿಸಿ ದುಡ್ಡು ಕೊಟ್ಟರೆ, ಚುಟುಕಾಗಿ ಬರೆದವರಿಗೆ ನಷ್ಟ, ಎಳೆದು ಬರೆದವರಿಗೆ ಲಾಭ. ಕೆಲಸ ಶುರುವಾಗುವ ಮುಂಚೆಯೇ ಇದು ಇಬ್ಬರಿಗೂ ಗೊತ್ತಿರಲಿ.

ಎರಡನೆಯದು, ಓದುವವರು ಯಾರು ಎಂಬುದು:

‘ಓದುವವರು ಅಡಿಕೆ, ಭತ್ತ ಬೆಳೆಯುವ ರೈತರು. ಮೊಬೈಲ್‌ನಲ್ಲಿ ಓದುತ್ತಾರೆ. ಓದಲು ಬಾರದ ಹಿರಿಯರಿಗೆ ಮಕ್ಕಳು ಓದಿ ಹೇಳುತ್ತಾರೆ. ಆದ್ದರಿಂದ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಹಳೆಯ ನುಡಿ ಫಾಂಟ್ ಬೇಡ. ಉದ್ದ ಕೋಷ್ಟಕವನ್ನು ಸಾಲುಗಳಾಗಿ ಬಿಡಿಸಿ.’

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಮೊಬೈಲ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅನುವಾದ ಎಷ್ಟೇ ಚೆನ್ನಾಗಿದ್ದರೂ ಆಗ ಯಾರಿಗೂ ಉಪಯೋಗವಿಲ್ಲ.

ಮೂರನೆಯದು ಪದಪಟ್ಟಿ. ಎಲ್ಲಕ್ಕಿಂತ ಹೆಚ್ಚು ಅನಾಹುತ ಆಗುವುದು ಇಲ್ಲಿ. ‘ಫಾರೆಸ್ಟ್ ಡೈವರ್ಷನ್’ ಎನ್ನುವುದನ್ನು ನಿಘಂಟು ನೋಡಿ ‘ಅರಣ್ಯ ತಿರುವು’ ಎಂದು ಬರೆದರೆ ರಸ್ತೆ ತಿರುವು ನೆನಪಾಗುತ್ತದೆ. ನಿಜವಾದ ಅರ್ಥ, ಕಾಡಿನ ಜಮೀನನ್ನು ಬೇರೆ ಕೆಲಸಕ್ಕೆ ಕೊಡುವುದು. ‘ಪರಿಹಾರ ಅರಣ್ಯೀಕರಣ’ ಇನ್ನೂ ಮೋಸದ ಪದ. ನಮ್ಮ ಕಡೆ ಪರಿಹಾರ ಎಂದರೆ ಕೈಗೆ ಬರುವ ದುಡ್ಡು. ಇದು ದುಡ್ಡಲ್ಲ, ಕಳೆದ ಕಾಡಿಗೆ ಬದಲಾಗಿ ಬೇರೆ ಕಡೆ ಗಿಡ ನೆಡುವುದು. ಆದ್ದರಿಂದ ಮೇಲ್ ಜೊತೆ ಇಂಥ ಹದಿನೈದಿಪ್ಪತ್ತು ಪದಗಳ ಪಟ್ಟಿ ಹೋಗಬೇಕು:

ಡೈವರ್ಷನ್: ಕಾಡು ಜಮೀನನ್ನು ಬೇರೆ ಬಳಕೆಗೆ ಕೊಡುವುದು
ಕಾಂಪೆನ್ಸೇಟರಿ ಅಫಾರೆಸ್ಟೇಷನ್: ಬದಲಿ ಕಾಡು ಬೆಳೆಸುವುದು
ಮಕ್: ಸುರಂಗ ತೋಡಿದಾಗ ಬರುವ ಕಲ್ಲುಮಣ್ಣು
ಸಬ್‌ಮರ್ಜೆನ್ಸ್: ಮುಳುಗಡೆ
ಲಯನ್ ಟೇಲ್ಡ್ ಮಕಾಕ್: ಸಿಂಗಳೀಕ

‘ಮುಳುಗಡೆ’ ಎಂಬ ಪದವನ್ನು ‘ಜಲಾವೃತ ಪ್ರದೇಶ’ ಎಂದು ಮೆತ್ತಗೆ ಮಾಡಬಾರದು. ಲಿಂಗನಮಕ್ಕಿಯಲ್ಲಿ ಊರು ಕಳೆದುಕೊಂಡವರ ಜಿಲ್ಲೆ ಇದು, ಆ ಪದ ಇಲ್ಲಿ ಎಲ್ಲರಿಗೂ ಗೊತ್ತು.

ಅಳತೆಯೂ ಪಟ್ಟಿಯಲ್ಲಿರಲಿ. ಭದ್ರಾ ತುಂಬಿದರೆ 186 ಅಡಿ, ಲಿಂಗನಮಕ್ಕಿ ತುಂಬಿದರೆ 1,819 ಅಡಿ ಎಂದು ಜನ ಬಾಯಲ್ಲೇ ಹೇಳುತ್ತಾರೆ. ವರದಿಯಲ್ಲಿ ಮೀಟರ್, ಹೆಕ್ಟೇರ್ ಇರುತ್ತದೆ. ‘ಮೂಲ ಅಂಕಿ ಹಾಗೇ ಇರಲಿ, ಪಕ್ಕದಲ್ಲಿ ಅಡಿ, ಎಕರೆ ಹಾಕಿ. ಒಂದು ಹೆಕ್ಟೇರ್ ಅಂದರೆ 2.47 ಎಕರೆ’ ಎಂದು ಬರೆದರೆ ಸಾಕು. ಮೂಲ ಅಂಕಿ ತೆಗೆದರೆ ಸಭೆಯಲ್ಲಿ ಅಧಿಕಾರಿಗೆ ವರದಿಯ ಸಾಲು ತೋರಿಸಿ ಕೇಳಲು ಆಗುವುದಿಲ್ಲ.

ನಾಲ್ಕನೆಯದು ಗಡುವು. ಒಬ್ಬರು ದಿನಕ್ಕೆ ಸುಮಾರು 2,000 ಪದ ನೆಟ್ಟಗೆ ಮಾಡಬಹುದು ಎಂಬುದು ಈ ಕೆಲಸದಲ್ಲಿ ರೂಢಿಯ ಲೆಕ್ಕ. ಆ ಪ್ರಕಾರ 9,000 ಪದಕ್ಕೆ ಐದು ದಿನ. ಮಾದರಿ ಪುಟ ನೋಡಲು ಒಂದು ದಿನ, ತಿದ್ದಲು ಎರಡು ದಿನ ಸೇರಿಸಿದರೆ ಎಂಟು. ಊರಿನವರು ಓದಿ ಪ್ರಶ್ನೆ ಬರೆದುಕೊಳ್ಳಲು ಕನಿಷ್ಠ ಹತ್ತು ದಿನ ಬೇಕು. ಅಂದರೆ ನೋಟಿಸ್ ಬಂದ ಮೊದಲ ವಾರದಲ್ಲೇ ಮೇಲ್ ಹೋಗಬೇಕು. ಮೇಲ್‌ನಲ್ಲಿ ಎರಡು ತಾರೀಖು ಇರಲಿ: ಒಂದು ಪುಟದ ಮಾದರಿ ಯಾವತ್ತು, ಪೂರ್ತಿ ಯಾವತ್ತು. ಮಾದರಿ ಪುಟದಲ್ಲೇ ದಾರಿ ತಪ್ಪಿದ್ದು ಗೊತ್ತಾಗುತ್ತದೆ, 30 ಪುಟ ಮುಗಿದ ಮೇಲಲ್ಲ.

ಕೊನೆಯದು ಶೈಲಿ. ‘ಸರಳವಾಗಿರಲಿ’ ಎಂದಷ್ಟೇ ಬರೆದರೆ ಏನೂ ಹೇಳಿದಂತಲ್ಲ. ಹೀಗೆ ಬರೆಯಿರಿ:

‘ಒಂದು ವಾಕ್ಯಕ್ಕೆ ಒಂದೇ ವಿಷಯ. ಗಟ್ಟಿಯಾಗಿ ಓದಿದಾಗ ಉಸಿರು ಕಟ್ಟಬಾರದು. ಮೂಲದಲ್ಲಿ “ಆಗಬಹುದು” ಎಂದಿದ್ದರೆ “ಆಗುತ್ತದೆ” ಎಂದು ಮಾಡಬೇಡಿ. ಅರ್ಥ ಸ್ಪಷ್ಟವಿಲ್ಲದ ಕಡೆ ಊಹಿಸದೆ ಗುರುತು ಹಾಕಿ, ಫೋನ್ ಮಾಡಿ ಕೇಳಿ.’

ಈ ಕೊನೆಯ ಎರಡು ಸಾಲುಗಳನ್ನು ನಾನು ಬಿಟ್ಟುಕೊಡುವುದಿಲ್ಲ. ‘ಅಂತರ್ಜಲಕ್ಕೆ ತೊಂದರೆ ಆಗುವ ಸಂಭವ ಕಡಿಮೆ’ ಎನ್ನುವುದು ಅನುವಾದದಲ್ಲಿ ‘ತೊಂದರೆ ಇಲ್ಲ’ ಎಂದಾದರೆ, ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಯೇ ಸತ್ತುಹೋಗುತ್ತದೆ. ವರದಿ ಬರೆದವರೇ ಗೋಜಲಾಗಿ ಬರೆದಿದ್ದರೆ ಯಾವ ಮೇಲ್ ಕೂಡ ಅದನ್ನು ಸರಿಮಾಡಲಾರದು. ಗೋಜಲನ್ನು ಮುಚ್ಚದೆ ತೋರಿಸುವುದೇ ಆಗ ಒಳ್ಳೆಯ ಅನುವಾದ.

ಕೆಲಸ ಬಂದ ಮೇಲೆ ಎರಡು ಪರೀಕ್ಷೆ ಮಾಡಿ. ಎಲ್ಲ ಅಂಕಿಗಳನ್ನು ಮೂಲದ ಜೊತೆ ಒಬ್ಬರು ಓದಿ, ಇನ್ನೊಬ್ಬರು ತಾಳೆ ನೋಡಲಿ. ಆಮೇಲೆ ವರದಿ ನೋಡಿರದ ಒಬ್ಬರಿಗೆ ಒಂದು ಪುಟ ಓದಿ, ಏನು ತಿಳಿಯಿತು ಎಂದು ಕೇಳಿ. ಅವರು ಹೇಳಿದ್ದು ಮೂಲಕ್ಕೆ ಹೊಂದದಿದ್ದರೆ ಆ ಪುಟ ವಾಪಸ್ ಹೋಗಲಿ.

ಸಂಘವೊಂದು ಇಷ್ಟು ಮಾಡಬಹುದಾದರೆ, ಕೋಟಿಗಟ್ಟಲೆ ಯೋಜನೆ ತರುವವರೂ ಮಾಡಬೇಕು. ಅಹವಾಲು ಸಭೆಯ ಕನ್ನಡ ಸಾರಾಂಶದ ಜೊತೆ ಪದಪಟ್ಟಿಯನ್ನೂ ಪಂಚಾಯ್ತಿ ಬೋರ್ಡಿಗೆ ಹಾಕಲಿ. ಮುಂದಿನ ನೋಟಿಸ್ ನಿಮ್ಮೂರಿಗೆ ಬಂದಾಗ, ಅನುವಾದಕರಿಗೆ ಏನೆಂದು ಬರೆದು ಕಳಿಸಿದ್ದೀರಿ ಎಂದು ಮೊದಲು ಕೇಳಿ.